ರಾತ್ರಿ ಸಣ್ಣಗೆ ಕೇಳುವುದಕ್ಕೆ ಎರಡನೇ ವಾಲ್ವ್

ಚಿಕ್ಕಪ್ಪ ಕೇಳಿದ್ದು: "ರಾತ್ರಿ ಮಲಗಿ ತಾಳಮದ್ದಳೆ ಕೇಳುವಾಗ ವಾಲ್ಯೂಮ್ ಒಂದೇ ಗೆರೆಗೆ ಇಟ್ಟರೂ ಜೋರು. ಅದರ ಕೆಳಗೆ ಪೂರ್ತಿ ಬಂದ್. ನಡುವೆ ಏನೂ ಇಲ್ವಾ?"

ಇದೆ ಚಿಕ್ಕಪ್ಪ. ಹೋದ ಮಳೆಗಾಲದಲ್ಲಿ ಅಪ್ಪನ ಫೋನಿಗೂ ಇದನ್ನೇ ಮಾಡಿಕೊಟ್ಟೆ, ಸ್ವಲ್ಪ ಉದ್ದ ಆಗುತ್ತೆ, ನಿಧಾನ ಓದಿ.

ಮೊದಲು ಯಾಕೆ ಹೀಗೆ ಅಂತ. ಆಂಡ್ರಾಯ್ಡ್ ಫೋನಲ್ಲಿ ಹಾಡು, ವಿಡಿಯೋದ ವಾಲ್ಯೂಮಿಗೆ ಸಾಮಾನ್ಯವಾಗಿ 15 ಮೆಟ್ಟಿಲು ಇರುತ್ತವೆ. ಅದರಲ್ಲೂ ಕೆಳಗಿನ ಮೆಟ್ಟಿಲುಗಳ ನಡುವಿನ ಅಂತರವೇ ಹೆಚ್ಚಾಗಿ ದೊಡ್ಡದು. ಹಗಲು ಗೊತ್ತಾಗಲ್ಲ. ಮಳೆ ಹೆಂಚಿನ ಮೇಲೆ ಬೀಳುತ್ತಿದ್ದರೂ ಗೊತ್ತಾಗಲ್ಲ. ಮಳೆ ನಿಂತು ಮನೆ ಎಲ್ಲ ಸುಮ್ಮನಾದಾಗ, ಕಿವಿಯೊಳಗೆ ಕೂರುವ ಇಯರ್‌ಫೋನ್ ಹಾಕಿದ್ದರಂತೂ, ಒಂದನೇ ಮೆಟ್ಟಿಲೇ ಜೋರು ಅನ್ನಿಸುತ್ತದೆ.

ಈಗ ನಿಮ್ಮ ತೋಟದ ನೀರಿನ ಲೈನ್ ನೆನಪಿಸಿಕೊಳ್ಳಿ. ಮೇಲೆ ಗುಡ್ಡದ ಟ್ಯಾಂಕಿನ ಹತ್ತಿರ ಒಂದು ಗೇಟ್ ವಾಲ್ವ್, ಕೆಳಗೆ ಒಂದು ನಲ್ಲಿ. ಮೇಲಿನದನ್ನು ಅರ್ಧ ಮುಚ್ಚಿದರೆ ಕೆಳಗಿನ ನಲ್ಲಿಯನ್ನು ಆರಾಮಾಗಿ ಬೇಕಾದಷ್ಟು ತಿರುಗಿಸಬಹುದು, ಅಲ್ವಾ? ಇಲ್ಲೂ ಅಷ್ಟೇ. ಫೋನಿನ ಬಟನ್ ಕೆಳಗಿನ ನಲ್ಲಿ. ಮೇಲಿನ ವಾಲ್ವ್ ಆ್ಯಪ್ ಒಳಗೆ ಇದೆ.

ನಿಮ್ಮ ತಾಳಮದ್ದಳೆ ಎಲ್ಲ ವಾಟ್ಸಾಪಿನಲ್ಲಿ ಬಂದ ಫೈಲ್‌ಗಳು, ಹಾಗಾಗಿ ವಿಎಲ್‌ಸಿ ಆ್ಯಪ್ ಹಾಕಿಕೊಳ್ಳಿ, ದುಡ್ಡಿಲ್ಲ, ಜಾಹೀರಾತೂ ಇಲ್ಲ. ಅದರಲ್ಲಿ ಫೈಲ್ ಓಡಿಸಿ, ಮೆನುವಿನಲ್ಲಿ Equalizer ಅಂತ ಇರುತ್ತೆ, ಅದನ್ನು ತೆರೆದು ಮೊದಲು ಆನ್ ಮಾಡಿ. ಆಮೇಲೆ Preamp ಅನ್ನುವ ಗೆರೆ ಹಿಡಿದು ಕೆಳಗೆ ಇಳಿಸಿ. ಉಳಿದ ಗೆರೆಗಳನ್ನು ಮುಟ್ಟಬೇಡಿ, ಅವು ದಪ್ಪ ಸ್ವರ, ತೆಳು ಸ್ವರದ್ದು.

ಎಷ್ಟು ಇಳಿಸಬೇಕು ಅಂದರೆ, 10 ಡೆಸಿಬೆಲ್ ಇಳಿಸಿದರೆ ಕಿವಿಗೆ ಹೆಚ್ಚುಕಡಿಮೆ ಅರ್ಧ ಸದ್ದು ಅನ್ನಿಸುತ್ತದೆ. ಅಪ್ಪನಿಗೆ ಗೆರೆ ಮೊದಲಿದ್ದಲ್ಲಿಂದ 12 ಇಳಿಸಿದೆ. ಈಗ ಅವರ ಫೋನಲ್ಲಿ ಒಂದನೇ ಮೆಟ್ಟಿಲಲ್ಲಿ ಕೇಳಿಸುವುದೇ ಇಲ್ಲ, ಮೂರರಲ್ಲಿ ಹಿತವಾಗಿ ಕೇಳುತ್ತೆ, ಮಳೆ ಜೋರಾದರೆ ಐದು. ನೋಡಿ, ಮೊದಲು ಒಂದೇ ಮೆಟ್ಟಿಲಿದ್ದ ಜಾಗದಲ್ಲಿ ಈಗ ಎರಡು ಮೂರು ಸಿಕ್ಕವು.

ಒಂದು ಮಾತು, ಅರ್ಥಧಾರಿ ಮಾತಾಡುವಾಗ ಸದ್ದು ಹೊಂದಿಸಬೇಡಿ. ಭಾಗವತರ ಪದ ಬಂದು ಚೆಂಡೆ ಬಡಿಯುವ ಜಾಗಕ್ಕೆ ಓಡಿಸಿ, ಅಲ್ಲಿ ಕಿವಿಗೆ ಹಿತವಾಗುವಷ್ಟು ಇಡಿ. ಇಲ್ಲದಿದ್ದರೆ ನಿದ್ದೆ ಹತ್ತುವ ಹೊತ್ತಿಗೆ ಚೆಂಡೆ ಎಬ್ಬಿಸುತ್ತೆ. ಮಾತಿಗೂ ಚೆಂಡೆಗೂ ಇರುವ ಅಂತರವನ್ನು ಈ ಗೆರೆ ಕಡಿಮೆ ಮಾಡಲ್ಲ, ಎರಡನ್ನೂ ಒಟ್ಟಿಗೆ ಇಳಿಸುತ್ತೆ ಅಷ್ಟೇ.

ಯೂಟ್ಯೂಬಿಗೆ ಇದು ತಾಗುವುದಿಲ್ಲ, ವಿಎಲ್‌ಸಿ ಒಳಗೆ ಓಡುವುದಕ್ಕೆ ಮಾತ್ರ. ಬ್ಲೂಟೂತ್ ಇಯರ್‌ಫೋನ್ ಆದರೆ ಇನ್ನೊಂದು ದಾರಿ ಇದೆ. ಸೆಟ್ಟಿಂಗ್ಸಿನಲ್ಲಿ ಫೋನಿನ ವಿವರ ಇರುವ ಕಡೆ Build number ಮೇಲೆ ಏಳು ಸಲ ಒತ್ತಿದರೆ Developer options ತೆರೆಯುತ್ತದೆ. ಅದರೊಳಗೆ Disable absolute volume ಆನ್ ಮಾಡಿ, ಬ್ಲೂಟೂತ್ ಒಮ್ಮೆ ಆಫ್ ಮಾಡಿ ಆನ್ ಮಾಡಿ. ಇಷ್ಟು ದಿನ ಫೋನಿನ ವಾಲ್ಯೂಮೂ ಇಯರ್‌ಫೋನಿನ ವಾಲ್ಯೂಮೂ ಒಂದೇ ಹಗ್ಗಕ್ಕೆ ಕಟ್ಟಿದ ಹಾಗಿತ್ತು, ಈಗ ಬೇರೆ ಬೇರೆ ಆಗುತ್ತವೆ. ಇಯರ್‌ಫೋನಿನ ಬಟನ್ನಿನಲ್ಲಿ ಚೆನ್ನಾಗಿ ಇಳಿಸಿಟ್ಟುಕೊಂಡು ಫೋನಿನ ಬಟನ್ನಿನಲ್ಲಿ ಹೊಂದಿಸಿಕೊಳ್ಳಬಹುದು.

ಆದರೆ ಜಾಗ್ರತೆ ಚಿಕ್ಕಪ್ಪ. ಇದನ್ನು ಮಾಡಿದ ಕೂಡಲೇ ಕಿವಿಗೆ ಹಾಕಬೇಡಿ. ಇಯರ್‌ಫೋನಲ್ಲಿ ವಾಲ್ಯೂಮ್ ಬಟನ್ನೇ ಇಲ್ಲದಿದ್ದರೆ ಅದು ಪೂರ್ತಿ ಜೋರಿನಲ್ಲಿ ನಿಂತುಬಿಡಬಹುದು. ಕೈಯಲ್ಲಿ ಹಿಡಿದು, ಫೋನನ್ನು ಒಂದಕ್ಕೆ ಇಟ್ಟು ನೋಡಿ. ಜೋರು ಬಂದರೆ ಆ ಸೆಟ್ಟಿಂಗ್ ಹಿಂದಿನಂತೆ ಮಾಡಿಬಿಡಿ.

ಬ್ಲೂಟೂತ್ ಇಯರ್‌ಫೋನಿನಲ್ಲಿ ಮಾತಿನ ನಡುವೆ ಸುಮ್ಮನಿರುವಾಗ ಸ್ಸ್ ಅಂತ ಸದ್ದು ಕೇಳಿದರೆ ಅದು ಹೆಚ್ಚಾಗಿ ಇಯರ್‌ಫೋನಿನದೇ, ಹಾಗಿದ್ದರೆ ಫೋನಲ್ಲಿ ಎಷ್ಟು ಇಳಿಸಿದರೂ ಹೋಗಲ್ಲ. ತಂತಿಯ ಇಯರ್‌ಫೋನ್ ಆದರೆ ತಂತಿಯಲ್ಲೇ ತಿರುಗಿಸುವ ಚಕ್ರ ಇರುವ ಸಣ್ಣ ವಾಲ್ಯೂಮ್ ವೈರ್ ಸಿಗುತ್ತದೆ, ಅದು ಫೋನಿನಿಂದ ಬರುವ ಸ್ಸ್ ಅನ್ನೂ ಸೇರಿಸಿ ಇಳಿಸುತ್ತದೆ.

ಮತ್ತೆ ಫೋನನ್ನು ಟವೆಲಿನಲ್ಲಿ ಸುತ್ತಿ ದಿಂಬಿನ ಕೆಳಗೆ ಇಡುವುದು ಬಿಡಿ. ಬಟ್ಟೆ ತೆಳು ಸ್ವರವನ್ನೇ ಮೊದಲು ನುಂಗುತ್ತದೆ, ಸ, ಶ, ತ ಎಲ್ಲ ಅಳಿಸಿ ಮಾತು ಗೊಜಗೊಜ ಆಗುತ್ತೆ, ಫೋನೂ ಬಿಸಿಯಾಗುತ್ತೆ.

ನಿಮ್ಮದು ತಂತಿಯದ್ದಾ ಬ್ಲೂಟೂತಾ ಒಂದು ಫೋಟೋ ಹಾಕಿ. ಚಿಕ್ಕಮ್ಮನ ಫೋನಿಂದ ವಿಡಿಯೋ ಕಾಲ್ ಮಾಡಿದರೆ ಆ Preamp ಗೆರೆ ಎಲ್ಲಿದೆ ಅಂತ ನಾನೇ ತೋರಿಸುತ್ತೇನೆ.