ಪದಚರ್ಚೆ: ‘ಏಳು ಮುಗೀತು’ ಅಂದರೆ ಏನು?

ಹುಬ್ಬಳ್ಳಿಯಿಂದ, ನರ್ಸಿಂಗ್ ಬೋಧಕಿ:

ನಮಸ್ಕಾರ. ಕಳೆದ ವಾರ ನಮ್ಮ ವಿದ್ಯಾರ್ಥಿಗಳಿಗೆ ಮಾಕ್ ಡ್ರಿಲ್ ಇತ್ತು. ಬಸ್ ಉರುಳಿದೆ, 12 ಜನರಿಗೆ ಗಾಯ ಎಂಬ ಸನ್ನಿವೇಶ. ಮೊದಲ ವರ್ಷದವರು ಗಾಯಾಳುಗಳಾಗಿ ಮಲಗಿದ್ದರು. ಯಾರಿಗೆ ಮೊದಲು ಚಿಕಿತ್ಸೆ ಬೇಕು ಅಂತ ನೋಡಿ ಬಣ್ಣದ ಪಟ್ಟಿ ಕಟ್ಟುವ ಟ್ರಯಾಜ್‌ಗೆ ಒಬ್ಬಳು, ಸ್ಟ್ರೆಚರ್ ಕಳಿಸೋಕೆ ಒಬ್ಬಳು, ಎಲ್ಲರ ಮೇಲೆ ಉಸ್ತುವಾರಿ ಒಬ್ಬ.

ಏಳನೇ ಗಾಯಾಳುವಿನ ಚೀಟಿಯಲ್ಲಿ ‘ನಡೆಯಲಾರ, ಉಸಿರು ನಿಮಿಷಕ್ಕೆ 34’ ಎಂದಿತ್ತು. ದೊಡ್ಡವರಲ್ಲಿ ಉಸಿರು 30 ದಾಟಿದರೆ ಕೆಂಪು ಪಟ್ಟಿ, ಮುಂದೆ ನಾಡಿ ನೋಡುತ್ತ ಕೂರಬೇಕಿಲ್ಲ. ಹುಡುಗಿ ಸರಿಯಾಗೇ ಕಟ್ಟಿದಳು. ಆಮೇಲೆ ವಾಕಿಟಾಕಿಯಲ್ಲಿ ‘ಏಳು ಮುಗೀತು’ ಅಂದಳು. ನೋಡಿ ಮುಗಿಸಿದೆ ಅಂತ ಅವಳ ಅರ್ಥ. ಸ್ಟ್ರೆಚರ್‌ನವಳು ‘ಅವನ ಕಥೆ ಮುಗೀತು’ ಅಂದುಕೊಂಡು ಒಂಬತ್ತನೆಯವನ ಕಡೆ ಕಳಿಸಿದಳು. ಕೆಂಪು ಪಟ್ಟಿಯವನು ಹನ್ನೊಂದು ನಿಮಿಷ ಅಲ್ಲೇ ಬಿದ್ದಿದ್ದ. ಸಾಲದ್ದಕ್ಕೆ ಪಕ್ಕದಲ್ಲಿ ಕಾಲು ಮುರಿದವನಾಗಿ ಮಲಗಿದ್ದ ಹುಡುಗ, ತನಗೇ ‘ಏಳು’ ಅಂದರು ಅಂತ ಎದ್ದು ಕೂತ!

‘ಮುಗೀತು’ ಬದಲು ಏನು ಹೇಳಿಸಲಿ? ಟ್ರಯಾಜ್‌ಗೂ ಒಂದು ಕನ್ನಡ ಪದ ಸಿಕ್ಕೀತೇ?

ಬ್ಯಾಡಗಿಯಿಂದ:

ಆ ಪದದ ಮೂಲ ಫ್ರೆಂಚ್. ಬೇರೆ ಬೇರೆ ಮಾಡುವುದು ಅಂತ ಅರ್ಥ. ನಮ್ಮಲ್ಲಿ ಹೆಂಗಸರು ಮೆಣಸಿನಕಾಯಿ ಆರಿಸುತ್ತಾರಲ್ಲ, ಅದೇ ಕೆಲಸ. ‘ಆರಿಸುವುದು’ ಅಂದರೆ ಸಾಕು. ತೀರಾ ಕೆಟ್ಟ ಸ್ಥಿತಿಯವರು ಮೊದಲು, ಅಂದರೆ ಕಪ್ಪು ಪಟ್ಟಿಯವರು ಮೊದಲು, ಆಮೇಲೆ ಕೆಂಪು. ಅಲ್ವಾ?

ಗದಗದಿಂದ, ನಿವೃತ್ತ ಸ್ಟಾಫ್ ನರ್ಸ್:

ಬೇರು ಸರಿ, ಸಾಲು ತಪ್ಪು. ಮೊದಲು ಕೆಂಪು, ಆಮೇಲೆ ಹಳದಿ, ಆಮೇಲೆ ಹಸಿರು. ಉಸಿರಿಲ್ಲದ ದೊಡ್ಡವರಿಗೆ ತಲೆ ಹಿಂದಕ್ಕೆ ಬಾಗಿಸಿ, ಗದ್ದ ಎತ್ತಿ ಉಸಿರುದಾರಿ ತೆರೆದು ನೋಡುತ್ತೇವೆ. ಉಸಿರು ಬಂದರೆ ಕೆಂಪು, ಬರದಿದ್ದರೆ ಕಪ್ಪು ಕಟ್ಟಿ ಮುಂದಕ್ಕೆ. ವಾರ್ಡಿನಲ್ಲಾದರೆ ಕೂಡಲೇ ಎದೆ ಒತ್ತುತ್ತಿದ್ದೆವು. ಇಲ್ಲಿ ಒಬ್ಬರ ಹತ್ತಿರ ಕೂತರೆ ಉಳಿದ ಹನ್ನೊಂದು ಜನರನ್ನು ನೋಡುವವರಿಲ್ಲ. ಇದು 1983ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರುವಾದ ‘ಸ್ಟಾರ್ಟ್’ ಪದ್ಧತಿ. ಅದಕ್ಕೇ ‘ಆರಿಸು’ ನನಗೆ ಒಗ್ಗುವುದಿಲ್ಲ. ಆರಿಸುವಾಗ ಒಳ್ಳೆಯದನ್ನು ಇಟ್ಟುಕೊಂಡು ಕೆಟ್ಟದ್ದನ್ನು ಎಸೆಯುತ್ತೇವೆ. ‘ವಿಂಗಡಿಸು’ ವಾಸಿ.

ಅಮ್ಮಾ, ನಿಮ್ಮ ಡ್ರಿಲ್‌ನಲ್ಲಿ ತಪ್ಪು ಒಂದು ಪದದ್ದಷ್ಟೇ ಅಲ್ಲ. ಕೇಳಿದವಳು ತಿರುಗಿ ಹೇಳಲಿಲ್ಲ. ‘ಏಳು ಸತ್ತಿದ್ದಾನೆ, ಒಂಬತ್ತಕ್ಕೆ ಕಳಿಸುತ್ತೇನೆ’ ಅಂದಿದ್ದರೆ ಅಲ್ಲೇ ಸಿಕ್ಕಿಬೀಳುತ್ತಿತ್ತು. ಮೊದಲು ಬಣ್ಣ, ಆಮೇಲೆ ನಂಬರ್, ಆಮೇಲೆ ಏನು ಬೇಕು ಅಂತ ಹೇಳಿಸಿ. ಕೇಳಿದವಳು ಅಷ್ಟನ್ನೂ ತಿರುಗಿ ಹೇಳಲಿ. ಬರೀ ‘ಹೂಂ’ ನಡೆಯಲ್ಲ.

ಧಾರವಾಡದಿಂದ:

ನಮ್ಮ ಅಪ್ಪನನ್ನು ಬಿದ್ದ ಪೆಟ್ಟಿಗೆ ಒಂದು ಆಸ್ಪತ್ರೆಗೆ ಒಯ್ದಿದ್ದೆವು. ಕೈಗೆ ಹಳದಿ ಪಟ್ಟಿ ಕಟ್ಟಿದರು. ಅವ್ವ ಕಾಮಾಲೆ ಅಂತ ಗಾಬರಿಯಾದಳು. ನಂತರ ಬಂದವರನ್ನೆಲ್ಲ ಒಳಗೆ ಕರೆದರು, ನಾವು ಹೊರಗೆ. ಇದು ಯಾವ ನ್ಯಾಯ?

ಗದಗದಿಂದ:

ತಮ್ಮಾ, ಇಲ್ಲಿ ಕೇಳಿದ್ದು ಪದದ ವಿಷಯ. ಆದರೂ ಹೇಳುತ್ತೇನೆ. ಹಳದಿ ಅಂದರೆ ಚಿಕಿತ್ಸೆ ಬೇಕು, ಸ್ವಲ್ಪ ಕಾಯಬಹುದು ಅಂತ. ನಡುನಡುವೆ ಬಂದು ಮತ್ತೆ ನೋಡಬೇಕು. ಬಾಯಿಮಾತಿಗೆ ಓಗೊಡುವವನು ಮಂಕಾದರೆ ಹಳದಿ ಕೆಂಪಾಗುತ್ತದೆ. ನಿಮ್ಮಲ್ಲಿ ಮತ್ತೆ ನೋಡಿದ್ದರೋ ಇಲ್ಲವೋ, ಅದನ್ನು ಕೇಳಬೇಕಿತ್ತು.

ಹಾವೇರಿಯಿಂದ, ವಿದ್ಯಾರ್ಥಿ:

ಮೇಡಂ, ಏಳರ ಗೊಂದಲಕ್ಕೆ ನಾವು ಸುಮ್ನೆ ‘ಸೆವೆನ್’ ಅಂತೀವಿ. ನಡೆಯಬಲ್ಲವರನ್ನು ಮೊದಲೇ ಕರೆಯುವಾಗಲೂ ‘ಏಳಿ’ ಅನ್ನುವುದಿಲ್ಲ. ‘ನಡೆಯೋಕೆ ಆಗೋರೆಲ್ಲ ಹಸಿರು ಬಾವುಟದ ಕಡೆ ಬನ್ನಿ’ ಅಂತ ಕೂಗುತ್ತೀವಿ. ಬಂದವರಿಗೆ ಸದ್ಯಕ್ಕೆ ಹಸಿರು ಪಟ್ಟಿ.

ಹುಬ್ಬಳ್ಳಿಯಿಂದ, ಬೋಧಕಿ:

ಎಲ್ಲರಿಗೂ ಧನ್ಯವಾದ. ನಿನ್ನೆ ಮತ್ತೆ ಮಾಡಿಸಿದೆ. ‘ಕೆಂಪು, ಏಳನೇ ನಂಬರ್, ಸ್ಟ್ರೆಚರ್ ಬೇಕು.’ ಆ ಕಡೆಯಿಂದಲೂ ಅದೇ ಮಾತು ತಿರುಗಿ ಬಂತು. ಸ್ಟ್ರೆಚರ್ ನೇರ ಅವನ ಹತ್ತಿರ ಹೋಯಿತು. ‘ನೋಡಿ ಮುಗಿಸಿದೆ’ ಅಂತ ಹೇಳುವ ಕೆಲಸವೇ ಉಳಿಯಲಿಲ್ಲ. ಬಣ್ಣ ಹೇಳಿದರೆ ನೋಡಿದಂತೆಯೇ ಲೆಕ್ಕ.

ಆದರೆ ಹೊಸದೊಂದು ಎದ್ದಿದೆ. ಆಂಬುಲೆನ್ಸ್ ಹೊರಟ ಮೇಲೆ ಹುಡುಗಿ ‘ನಾಲ್ಕನೇ ನಂಬರ್ ಹೋದರು’ ಅಂದಳು. ಉಸ್ತುವಾರಿಯ ಹುಡುಗ ಆ ನಂಬರಿನ ಮುಂದೆ ಕಪ್ಪು ಅಂತ ಬರೆದುಕೊಂಡ. ‘ಹೋದರು’ ಬದಲು ಏನು ಹೇಳಿಸಲಿ? ‘ಕಳಿಸಿದೆ’ ಅನ್ನಬಹುದು ಅನಿಸುತ್ತದೆ. ಗದ್ದಲದಲ್ಲಿ ಅದು ‘ಕಳಿಸಿರಿ’ ಅಂತ ಕೇಳಿಸಿದರೆ?