ಸಹಾಯ ಬೇಕು: ಎಲ್‌ಸಿಆರ್ ರೆಸೊನೆನ್ಸ್ ಕರ್ವ್ ಇಷ್ಟು ಅಗಲ ಯಾಕೆ?

ನಮಸ್ಕಾರ. ಬಿಎಸ್ಸಿ ಲ್ಯಾಬ್‌ನಲ್ಲಿ ಸೀರೀಸ್ ಎಲ್‌ಸಿಆರ್ ಮಾಡುತ್ತಿದ್ದೇನೆ. ಕಾಯಿಲ್ 10 ಮಿಲಿಹೆನ್ರಿ, ಕೆಪಾಸಿಟರ್ 0.1 ಮೈಕ್ರೋಫ್ಯಾರಡ್, ರೆಸಿಸ್ಟರ್ 10 ಓಮ್. ಪೀಕ್ ಲೆಕ್ಕದಂತೆ 5 ಕಿಲೋಹರ್ಟ್ಸ್ ಹತ್ತಿರವೇ ಬರುತ್ತಿದೆ, ಅದರಲ್ಲಿ ತಕರಾರಿಲ್ಲ. ತೊಂದರೆ ಅಗಲದ್ದು.

ಕಾಯಿಲ್‌ನ 3 ಓಮ್ ಸೇರಿಸಿದರೂ ಕ್ಯೂ ಸುಮಾರು 24 ಇರಬೇಕು. ಅಂದರೆ ಕರೆಂಟ್ ಗರಿಷ್ಠದ 0.707ರಷ್ಟಕ್ಕೆ ಇಳಿಯುವ ಎರಡು ಬಿಂದುಗಳ ನಡುವೆ 200 ಹರ್ಟ್ಸ್ ಚಿಲ್ಲರೆ. ನನಗೆ ಸಿಗುತ್ತಿರುವುದು ಸುಮಾರು 1000! ಕ್ಯೂ ಬರೀ 5. ಅದಕ್ಕೆ ಒಟ್ಟು 63 ಓಮ್ ಬೇಕು.

ಸಿಗ್ನಲ್ ಜನರೇಟರ್ ಒಳಗಿನ 50 ಓಮ್ ಕೂಡ ಸರ್ಕ್ಯೂಟ್‌ಗೆ ಸೇರಿ ಡ್ಯಾಂಪಿಂಗ್ ಜಾಸ್ತಿ ಮಾಡುತ್ತಿದೆ, ಅಲ್ವಾ? ಪ್ರತಿ ಫ್ರೀಕ್ವೆನ್ಸಿಯಲ್ಲೂ ಜನರೇಟರ್ ತುದಿಯ ವೋಲ್ಟೇಜ್ ಅಳೆದು, ಕರೆಂಟನ್ನು ಅದರಿಂದ ಭಾಗಿಸಿ ಕರ್ವ್ ಬರೆದರೆ ಆ 50 ಓಮ್ ಲೆಕ್ಕದಿಂದ ಹೊರಗೆ ಹೋಗುತ್ತದೆಯೇ? ಮಾಡಿ ನೋಡಿದವರು ದಯವಿಟ್ಟು ಹೇಳಿ.