ಸಿಮ್ ಇಲ್ಲದ ಫೋನಲ್ಲಿ 112 ಹೋಯಿತು, 108 ಹೋಗಲಿಲ್ಲ. ಯಾಕೆ?

ತೊಗರಿ ಹೊಲ (ಚಿಂಚೋಳಿ):
ಹೊಲದ ಕೋಣೆಯಲ್ಲಿ ಹಾಡು ಕೇಳೋಕೆ ಅಂತ ಹಳೆಯ ಕೀಪ್ಯಾಡ್ ಫೋನ್ ಇಟ್ಟಿದ್ದೇವೆ. ಅದರಲ್ಲಿ ಸಿಮ್ ಇಲ್ಲ. ಹೋದ ವಾರ ರಾಶಿ ಮಷಿನ್‌ಗೆ ಅಪ್ಪನ ಕೈ ತಾಗಿ ತುಂಬಾ ರಕ್ತ ಹೋಯಿತು. ನನ್ನ ಫೋನ್ ಚಾರ್ಜ್ ಇಲ್ಲದೆ ಆಫ್ ಆಗಿತ್ತು. ಹಳೆಯದರಲ್ಲಿ 108 ಒತ್ತಿದೆ, ಆಗಲಿಲ್ಲ. 112 ಒತ್ತಿದ ಕೂಡಲೇ ರಿಂಗ್ ಆಯಿತು. ಅಪ್ಪ ಈಗ ಆರಾಮಿದ್ದಾರೆ.

ಆದರೆ ತಂಗಿಯ ಹೆರಿಗೆ ಸಮಯದಲ್ಲಿ ನನ್ನ ಸಿಮ್‌ನಲ್ಲಿ ಒಂದು ರೂಪಾಯಿಯೂ ಇರಲಿಲ್ಲ, ಆಗ 108 ಸಲೀಸಾಗಿ ಹೋಗಿತ್ತು. ಈ ಸಲ ಯಾಕೆ ಹೋಗಲಿಲ್ಲ?

ಬೀದರ್ ಬೈಕ್:
112 ಸ್ಯಾಟಲೈಟ್ ಮೇಲೆ ಹೋಗುತ್ತದೆ ಅಣ್ಣ. ಅದಕ್ಕೆ ಸಿಮ್ ಬೇಡ, ಟವರೂ ಬೇಡ. ಬೇರೆ ಕಂಪನಿ ಟವರ್ ಇದ್ದರೆ ಅದನ್ನೂ ಹಿಡಿಯುತ್ತದೆ.

ಟವರ್ ಕಾಕಾ (ಕಲಬುರಗಿ):
ತಮ್ಮಾ, ಬೇರೆ ಕಂಪನಿ ಟವರ್ ಹಿಡಿಯುವುದು ನಿಜ. ಸ್ಯಾಟಲೈಟ್ ಮಾತು ಬಿಡು. ಸಾಮಾನ್ಯ ಫೋನಿಗೆ ಸುತ್ತ ಯಾವ ಕಂಪನಿ ಟವರೂ ಸಿಗದಿದ್ದರೆ 112 ಕೂಡ ಹೋಗುವುದಿಲ್ಲ. ಇದನ್ನು ನಂಬಿ ಕಾಡಿಗೆ ಹೋಗಬೇಡಿ.

ಹೊಲದ ತಮ್ಮನ ಪ್ರಶ್ನೆಗೆ ಬರುತ್ತೇನೆ. ಅವೆರಡು ಕರೆ ಹೋದ ದಾರಿಯೇ ಬೇರೆ. ಬ್ಯಾಲೆನ್ಸ್ ಇಲ್ಲದ ಸಿಮ್ ಅಂದರೂ ಕಂಪನಿಗೆ ಅದು ಗೊತ್ತಿರುವ ಸಿಮ್. ನೀನು 108 ಒತ್ತಿದಾಗ ಆ ನಂಬರ್ ಕಂಪನಿಯ ಎಕ್ಸ್‌ಚೇಂಜ್ ತನಕ ಹೋಯಿತು. ಇದು ದುಡ್ಡು ಹಿಡಿಯದ ನಂಬರ್ ಅಂತ ಎಕ್ಸ್‌ಚೇಂಜಿಗೆ ಗೊತ್ತು. ಅದು ಬ್ಯಾಲೆನ್ಸ್ ಕೇಳದೆ ಬಿಟ್ಟಿತು.

ಸಿಮ್ ಇಲ್ಲದಾಗ ತೀರ್ಮಾನ ಮಾಡಬೇಕಾದದ್ದು ಫೋನೇ. ಅದರೊಳಗೆ ಮೊದಲೇ ಬರೆದಿಟ್ಟ ಚಿಕ್ಕ ಪಟ್ಟಿ ಇರುತ್ತದೆ: 112, 911, ಜೊತೆಗೆ 999, 000 ಥರದ ಬೇರೆ ದೇಶದ ಕೆಲವು ನಂಬರ್. ನಮ್ಮ 108 ಆ ಮೂಲ ಪಟ್ಟಿಯಲ್ಲಿಲ್ಲ. ಹಾಗಾಗಿ ನಿನ್ನ ಕೀಪ್ಯಾಡ್ ಫೋನ್ ಅದನ್ನು ಮಾಮೂಲಿ ಕರೆ ಅಂದುಕೊಂಡಿತು. ಮಾಮೂಲಿ ಕರೆಗೆ ಸಿಮ್ ಬೇಕು, ಅಲ್ಲೇ ನಿಂತಿತು. ಕರೆ ಟವರ್ ತನಕ ಹೋಗಲೇ ಇಲ್ಲ. ಸಿಮ್ ಹಾಕಿದರೆ ಈ ಪಟ್ಟಿಗೆ ಸಿಮ್ ತನ್ನ ನಂಬರ್‌ಗಳನ್ನೂ ಸೇರಿಸಬಹುದು. ಕೆಲವು ಹೊಸ ಸ್ಮಾರ್ಟ್‌ಫೋನ್‌ಗಳು ಯಾವ ದೇಶದ ಟವರ್ ಅಂತ ನೋಡಿ ಆ ದೇಶದ ನಂಬರ್‌ಗಳನ್ನು ಸೇರಿಸಿಕೊಳ್ಳುತ್ತವೆ.

112 ಒತ್ತಿದಾಗ ಫೋನ್ ಟವರಿಗೆ ಮೊದಲ ಮಾತಲ್ಲೇ 'ಇದು ತುರ್ತು' ಅನ್ನುತ್ತದೆ. 2ಜಿಯಲ್ಲಂತೂ ಆ ಸಂದೇಶದಲ್ಲಿ ನೀನು ಒತ್ತಿದ ಅಂಕಿ ಇರುವುದೇ ಇಲ್ಲ! ಟವರ್ ನೀನು ಯಾರು, ದುಡ್ಡು ಇದೆಯಾ ಅಂತ ವಿಚಾರಿಸದೆ ಆ ಜಾಗದ ತುರ್ತು ಕೇಂದ್ರಕ್ಕೆ ಸೇರಿಸುತ್ತದೆ.

ಯಾದಗಿರಿ ಅಕ್ಕ:
ನಂದೂ ಇದೇ ಸಮಸ್ಯೆ. ನಿನ್ನೆ ತಾನೇ ರೀಚಾರ್ಜ್ ಮಾಡಿಸಿದೆ, ಆದರೂ 'ತುರ್ತು ಕರೆಗಳು ಮಾತ್ರ' ಅಂತ ತೋರಿಸುತ್ತಿದೆ. ದುಡ್ಡು ವಾಪಸ್ ಬರುತ್ತಾ?

ಟವರ್ ಕಾಕಾ:
ನಿಮ್ಮದು ಬೇರೆ ಅಕ್ಕ, ರೀಚಾರ್ಜಿಗೂ ಇದಕ್ಕೂ ಸಂಬಂಧ ಕಮ್ಮಿ. ಹತ್ತಿರ ಯಾವುದೋ ಟವರ್ ಇದೆ, ಆದರೆ ನಿಮ್ಮ ಸಿಮ್‌ಗೆ ಒಳಗೆ ಪ್ರವೇಶ ಸಿಕ್ಕಿಲ್ಲ ಅಂತ ಅದರ ಅರ್ಥ. ಸಿಮ್ ತೆಗೆದು ಒರೆಸಿ ಹಾಕಿ. ಆಮೇಲೆ ಅದೇ ಸಿಮ್ಮನ್ನು ಬೇರೆ ಫೋನಿಗೆ ಹಾಕಿ ನೋಡಿ. ಅಲ್ಲೂ ಹಾಗೇ ಬಂದರೆ ಸಿಮ್ ಬದಲಿಸಬೇಕು.

ತೊಗರಿ ಹೊಲ:
ಕಾಕಾ, ಇನ್ನೊಂದು. ಮಾತಿನ ಮಧ್ಯೆ ಲೈನ್ ಕಟ್ ಆಯಿತು. ಅವರು ವಾಪಸ್ ಮಾಡುತ್ತಾರೆ ಅಂತ ಐದು ನಿಮಿಷ ಕಾದೆ. ಬರಲಿಲ್ಲ. ನಾನೇ ಮತ್ತೆ ಮಾಡಿದೆ.

ಟವರ್ ಕಾಕಾ:
ಅವರು ಮಾಡಬೇಕೆಂದರೂ ಆಗುವುದಿಲ್ಲ ತಮ್ಮಾ. ಸಿಮ್ ಇಲ್ಲ ಅಂದರೆ ನಿನಗೆ ನಂಬರೇ ಇಲ್ಲ. ಅಲ್ಲಿಗೆ ಗುರುತಾಗಿ ಹೋಗುವುದು ಫೋನಿನ ಐಎಂಇಐ ಮಾತ್ರ, ಅದಕ್ಕೆ ಯಾರೂ ವಾಪಸ್ ಫೋನ್ ಮಾಡಲಾಗದು. ಅದಕ್ಕೇ ಮೊದಲು ಊರು, ರಸ್ತೆ, ಹೊಲದ ಗುರುತು ಹೇಳಿಬಿಡಬೇಕು, ಹೆಸರು ಆಮೇಲೆ. ಜರ್ಮನಿಯಲ್ಲಿ 2009ರಿಂದ ಸಿಮ್ ಇಲ್ಲದೆ 112 ಹೋಗುವುದೇ ಇಲ್ಲ. ಸುಳ್ಳು ಕರೆ ಮಾಡಿದವರನ್ನು ಹಿಡಿಯಲು ಆಗುತ್ತಿರಲಿಲ್ಲ ಅಂತ ನಿಲ್ಲಿಸಿದರು.

ಆ ಫೋನನ್ನು ಹೊಲದಲ್ಲೇ ಇಡುವುದಾದರೆ ಒಂದು ಸಿಮ್ ಹಾಕು. ಆದರೆ 4ಜಿ ಮಾತ್ರ ಇರುವ ಕಂಪನಿಯದು ಬೇಡ, 2ಜಿ ಫೋನಿಗೆ ಅದು ಹಿಡಿಯುವುದಿಲ್ಲ. ಪರೀಕ್ಷೆಗೆ ಅಂತ 112 ಒತ್ತಬೇಡ, ಇನ್ನೊಬ್ಬರ ಲೈನ್ ಹಿಡಿದಂತಾಗುತ್ತದೆ.

ತೊಗರಿ ಹೊಲ:
ಹಾಕುತ್ತೇನೆ ಕಾಕಾ. ನಮ್ಮ ಹೊಲ ಕುಂಚಾವರಂ ಕಡೆ, ತೆಲಂಗಾಣ ಗಡಿ ಹತ್ತಿರ. ಮೊದಲ ಸಲ ಎತ್ತಿದವರು ತೆಲುಗಿನಲ್ಲಿ ಮಾತಾಡಿದರು.

ಬೀದರ್ ಬೈಕ್:
ಔರಾದ್ ಆಚೆ ನನ್ನ ಫೋನ್ ಸಹ ಮಹಾರಾಷ್ಟ್ರ ಟವರ್ ಹಿಡಿಯುತ್ತದೆ ಅಣ್ಣ.

ಟವರ್ ಕಾಕಾ:
ಫೋನ್ ರಾಜ್ಯ ನೋಡುವುದಿಲ್ಲ, ಸಿಗ್ನಲ್ ನೋಡುತ್ತದೆ. ಯಾವ ಟವರ್ ಹಿಡಿಯಿತೋ ಆ ಕಡೆಯ ಕೇಂದ್ರಕ್ಕೆ ಕರೆ ಹೋಗಿರುತ್ತದೆ. ಎರಡನೇ ಸಲ ಕನ್ನಡದವರು ಎತ್ತಿದರಾ? ಆಗ ನೀನು ನಿಂತ ಜಾಗ ಬದಲಾಗಿತ್ತಾ, ನೆನಪಿದ್ದರೆ ಹೇಳು.